ಹುಟ್ಟೂರು ಎಂಬ ಒಂದೇ ಖಾನೆಯಲ್ಲಿ ಎರಡು ಊರು: ಕೋಶ ಸಂಪಾದಕರಿಗೂ ಸಂಸ್ಕೃತಿ ಇಲಾಖೆಗೂ ಒಂದು ಬಹಿರಂಗ ಪತ್ರ

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರಿಗೆ, ಕನ್ನಡದಲ್ಲಿ ವಿಶ್ವಕೋಶ, ಚರಿತ್ರಕೋಶ, ಸಾಮಾನ್ಯ ಜ್ಞಾನದ ಪುಸ್ತಕ ಸಿದ್ಧಪಡಿಸುವ ಎಲ್ಲ ಸಂಪಾದಕರಿಗೆ ನಮಸ್ಕಾರ.

ಬಸವಣ್ಣನವರು ಹುಟ್ಟಿದ್ದು ಎಲ್ಲಿ? ಒಂದು ಪುಸ್ತಕ ಬಸವನಬಾಗೇವಾಡಿ ಎನ್ನುತ್ತದೆ. ಇನ್ನೊಂದು ಇಂಗಳೇಶ್ವರ ಎನ್ನುತ್ತದೆ. ಮೂರನೆಯದು ಎರಡನ್ನೂ ಸೇರಿಸಿ 'ಇಂಗಳೇಶ್ವರ ಬಾಗೇವಾಡಿ' ಎಂದು ಒಂದೇ ಊರು ಮಾಡಿಬಿಡುತ್ತದೆ. ನಾನು ತಾಲ್ಲೂಕು ಮಟ್ಟದ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವವನು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಎರಡು ಗೈಡು ಹಿಡಿದು ಬಂದು, "ಸರ್, ಇದರಲ್ಲಿ ಯಾವುದು ಸರಿ?" ಎಂದು ಕೇಳುತ್ತಾರೆ. ಒಂದು ಸರಿ ಇನ್ನೊಂದು ತಪ್ಪು ಎಂದು ಹೇಳಿ ಕಳಿಸುವ ಪ್ರಶ್ನೆ ಇದಲ್ಲ. ಅದನ್ನು ಅವರಿಗಿಂತ ಜಾಸ್ತಿ ನಿಮಗೇ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದ ಮೇಲೆ ಅವರ ಬಗ್ಗೆ ಫಲಕ, ಕಿರುಹೊತ್ತಿಗೆ, ಪಾಠ ಎಲ್ಲವೂ ಹೆಚ್ಚುವುದು ಸಹಜ. ಈಗಲೇ ಇದನ್ನು ನೋಡಿದರೆ ಒಳ್ಳೆಯದು.

ಎರಡೂ ಊರು ಇರುವುದು ವಿಜಯಪುರ ಜಿಲ್ಲೆಯಲ್ಲೇ, ಒಂದಕ್ಕೊಂದು ಹತ್ತಿರದಲ್ಲೇ. ಇದು ಜಿಲ್ಲೆ ಜಿಲ್ಲೆಗಳ ಜಗಳವೂ ಅಲ್ಲ, ರಾಜ್ಯ ರಾಜ್ಯಗಳ ಜಗಳವೂ ಅಲ್ಲ. ಹಾಗಾಗಿ ಸಮಾಧಾನವಾಗಿ ನೋಡಬಹುದು. ಮೊದಲು ನಮ್ಮ ಕೈಯಲ್ಲಿ ಇರುವುದೇನು ಎಂದು ನೋಡೋಣ.

ಕಲ್ಲಿನ ಸಾಕ್ಷಿ ಅರ್ಜುನವಾಡದ್ದು. ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಊರು ಅದು. ಸೇವುಣ ಅರಸ ಕನ್ನರನ ಕಾಲದ ಶಾಸನ, ಶಕ 1182, ಅಂದರೆ ಕ್ರಿ.ಶ. 1260. ಬಸವಣ್ಣನವರು ಲಿಂಗೈಕ್ಯರಾದದ್ದು 1167ರ ಸುಮಾರಿಗೆ ಎಂದು ಇಟ್ಟುಕೊಂಡರೆ, ಕಲ್ಲು ನಿಂತದ್ದು ತೊಂಬತ್ತು ವರ್ಷದ ಮೇಲೆ. ಬಸವಣ್ಣನವರ ಅಣ್ಣ ದೇವರಾಜರ ವಂಶದಲ್ಲಿ ಬಂದ ಹಾಲಬಸವಿದೇವ ಎಂಬವರಿಗೆ ಕೊಟ್ಟ ದಾನ ಅದರಲ್ಲಿ ದಾಖಲಾಗಿದೆ. ದಾನ ಪಡೆದವರ ವಂಶ ಹೇಳುವಾಗ ಬಸವಣ್ಣನವರ ಮಾತು ಬರುತ್ತದೆ. ತರ್ದವಾಡಿ ನಾಡಿನ ಬಾಗವಾಡಿ, ಆ ಪುರದ ಅಧೀಶ್ವರ ಮಾದಿರಾಜ, ಅವನ ಮಗ ಬಸವರಾಜ. ಇಷ್ಟು.

ಈ ಕಲ್ಲು ಎರಡು ವಿಚಾರದಲ್ಲಿ ತುಂಬ ಸಹಾಯ ಮಾಡುತ್ತದೆ. ಬಾಗೇವಾಡಿ ಎಂಬ ಹೆಸರಿನ ಊರು ಒಂದೇ ಅಲ್ಲ. ಬೆಳಗಾವಿ ಪಕ್ಕದಲ್ಲಿ ಹಿರೇಬಾಗೇವಾಡಿ ಇದೆ. ಶಾಸನ ನಿಂತಿರುವುದೂ ಬೆಳಗಾವಿ ಸೀಮೆಯಲ್ಲೇ. ಬರೀ 'ಬಾಗವಾಡಿ' ಎಂದಿದ್ದರೆ ಯಾವ ಬಾಗೇವಾಡಿ ಎಂದು ನಾವು ಇವತ್ತಿಗೂ ಹೊಡೆದಾಡುತ್ತಿದ್ದೆವು. ಬರೆಸಿದವರು ನಾಡಿನ ಹೆಸರನ್ನೂ ಸೇರಿಸಿದರು. ತರ್ದವಾಡಿ ಸಾವಿರ ಎನ್ನುವುದು ಈಗಿನ ವಿಜಯಪುರದ ಕಡೆಯ ಹಳೆಯ ಆಡಳಿತ ವಿಭಾಗ. ಹಾಗಾಗಿ ಇದು ನಮ್ಮ ಬಸವನಬಾಗೇವಾಡಿಯೇ. ಎರಡನೆಯದು, ಅಣ್ಣನ ಸಂಗತಿ. ಪುರಾಣ, ರಗಳೆ ಓದಿದವರಿಗೆ ಅಕ್ಕ ನಾಗಮ್ಮ ಗೊತ್ತು. ದೇವರಾಜನೆಂಬ ಅಣ್ಣನನ್ನು ತೋರಿಸಿದ್ದು ಈ ಕಲ್ಲು. ಅಂದರೆ ಕಾವ್ಯಗಳನ್ನು ನೋಡಿ ನಕಲು ಮಾಡಿದ ಮಾಹಿತಿ ಇದಲ್ಲ. ಮನೆತನದ ನೆನಪು ಬೇರೆ ದಾರಿಯಲ್ಲಿ ಬಂದು ಕಲ್ಲಿಗೆ ಇಳಿದಿದೆ. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಸಾಕ್ಷಿ ಒಂದೇ ಊರು ಹೇಳಿದರೆ ಅದಕ್ಕೆ ಬೆಲೆ ಇದೆ. ಒಂದನ್ನೊಂದು ನೋಡಿ ಬರೆದ ಹತ್ತು ಪುಸ್ತಕ ಒಂದೇ ಊರು ಹೇಳಿದರೆ ಅದು ಒಂದೇ ಸಾಕ್ಷಿ.

ಆದರೆ ಕಲ್ಲಿನಲ್ಲಿದೆ ಎಂದ ಕೂಡಲೇ ಮಾತು ಮುಗಿಯಿತು ಅಂದುಕೊಳ್ಳುವವರು ಜಾಸ್ತಿ. ಅವರು ಒಂದು ಸಣ್ಣ ಸಂಗತಿ ಗಮನಿಸಬೇಕು. ಬಸವಣ್ಣ ಬಾಗೇವಾಡಿಯಲ್ಲಿ ಹುಟ್ಟಿದರು ಎಂದು ಕಲ್ಲು ಹೇಳುವುದಿಲ್ಲ. ಅವರ ತಂದೆಯನ್ನು ಬಾಗೇವಾಡಿಯ 'ಪುರವರಾಧೀಶ್ವರ' ಎನ್ನುತ್ತದೆ. ಶಾಸನ ಓದಿ ಅಭ್ಯಾಸ ಇರುವವರಿಗೆ ಈ ಬಿರುದು ಹೊಸದಲ್ಲ. ಹೊಯ್ಸಳರು ತಮ್ಮನ್ನು ದ್ವಾರಾವತೀ ಪುರವರಾಧೀಶ್ವರ ಎಂದು ಕರೆದುಕೊಂಡರು. ಅವರು ಆಳಿದ್ದು ದೋರಸಮುದ್ರದಿಂದ. ಸವದತ್ತಿಯ ರಟ್ಟರು ಲತ್ತಲೂರು ಪುರವರಾಧೀಶ್ವರರು. ಹಾನಗಲ್ಲಿನಲ್ಲಿ ಆಳಿದ ಕದಂಬರಿಗೂ ಬನವಾಸಿ ಪುರವರಾಧೀಶ್ವರ ಎಂಬ ಬಿರುದು ಬೇಕಿತ್ತು. ಇವರಲ್ಲಿ ಯಾರ ಹೆರಿಗೆ ಎಲ್ಲಿ ಆಯಿತು ಎಂದು ಈ ಬಿರುದು ನೋಡಿ ಹೇಳಲು ಆಗುತ್ತದೆಯೇ? ಮನೆತನದ ಮೂಲ, ಮನೆತನದ ಹೆಮ್ಮೆ ಆ ಬಿರುದಿನಲ್ಲಿದೆ. ಮಾದಿರಾಜರ ವಿಚಾರದಲ್ಲಿ ಅದು ಅವರ ವಾಸದ ಊರೂ ಹೌದು ಎನ್ನಲು ಕಾವ್ಯಗಳ ಬೆಂಬಲ ಇದೆ. ಆದರೂ ಕಲ್ಲಿನಿಂದ ಸಿಗುವುದು ಅಪ್ಪನ ಊರು. ಅದರಾಚೆ ಅದನ್ನು ಎಳೆದರೆ ಹರಿದುಹೋಗುತ್ತದೆ.

ಇನ್ನೊಂದು ಮಾತು. ಕಲ್ಲಿಗೂ ಸ್ವಾರ್ಥ ಇರುತ್ತದೆ. ಹಾಲಬಸವಿದೇವರ ದೊಡ್ಡಸ್ತಿಕೆ ಹೇಳಲು ಹೊರಟ ಬರಹ ಅದು. ಅಷ್ಟು ದೊಡ್ಡ ಬಿರುದು ಒಂದು ಅಗ್ರಹಾರದ ಹಿರಿಯನಿಗೆ ಬಂದದ್ದು ಈ ಉತ್ಸಾಹದಿಂದಲೂ ಇರಬಹುದು. ಬಿರುದನ್ನು ಅನುಮಾನದಿಂದ ನೋಡಬೇಕು. ಊರಿನ ಹೆಸರನ್ನು ಅಷ್ಟು ಅನುಮಾನಿಸಬೇಕಿಲ್ಲ. ಸುಳ್ಳು ಹೇಳಿ ಲಾಭ ಪಡೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇನ್ನು ಕಾವ್ಯಗಳು. ಹರಿಹರನ 'ಬಸವರಾಜದೇವರ ರಗಳೆ' ಬಸವಣ್ಣನವರ ಕಾಲಕ್ಕೆ ತುಂಬ ಹತ್ತಿರದ್ದು. ಅವನು ಹೇಳುವ ಊರು ಬಾಗೇವಾಡಿ. ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ ಬರೆದ ಬಸವಪುರಾಣ ಇದೆ. 1369ರಲ್ಲಿ ಭೀಮಕವಿ ಅದನ್ನು ಆಧರಿಸಿ ಕನ್ನಡದಲ್ಲಿ ಬಸವಪುರಾಣ ಬರೆದ. ಇವೆಲ್ಲ ಭಕ್ತಿಯ ಗ್ರಂಥಗಳು. ಪವಾಡ ಇವೆ, ನಂದಿಯ ಅವತಾರದ ಕಥೆ ಇದೆ. ಹಾಗಂತ ಇವನ್ನು ಚರಿತ್ರೆಗೆ ಉಪಯೋಗವಿಲ್ಲ ಎಂದು ಪಕ್ಕಕ್ಕೆ ಇಡುವುದು ಸರಿಯಲ್ಲ. ಪುರಾಣದ ಕವಿ ಎಲ್ಲಿ ಉತ್ಸಾಹದಿಂದ ಹೇಳುತ್ತಾನೋ ಅಲ್ಲಿ ಹುಷಾರಾಗಿರಬೇಕು. ಎಲ್ಲಿ ಸುಮ್ನೆ ಹೇಳಿ ಮುಂದೆ ಹೋಗುತ್ತಾನೋ ಅಲ್ಲಿ ನಂಬಬಹುದು. ಊರಿನ ಹೆಸರು ಹಾಗೆ ಸುಮ್ನೆ ಬಂದು ಹೋಗುವ ಮಾತು.

ಗೊಂದಲಕ್ಕೆ ದಾರಿ ಮಾಡಿಕೊಟ್ಟಿರುವ ಒಂದು ಮಾತು ಸೋಮನಾಥನಲ್ಲಿ ಸಿಗುತ್ತದೆ. ಅವನು ಬರೀ ಬಾಗೇವಾಡಿ ಎನ್ನದೆ, ಹಿಂಗುಳೇಶ್ವರದ ಬಾಗೇವಾಡಿ ಎಂಬಂತೆ ಎರಡು ಹೆಸರನ್ನೂ ಜೋಡಿಸುತ್ತಾನೆ. ಇದನ್ನು ಹೇಗೆ ಓದಬೇಕು? ನನಗೆ ಸಹಜವಾಗಿ ಕಾಣುವುದು, ಇದು ಗುರುತಿಗೆ ಹೇಳಿದ ಮಾತು. ಇಂಥ ಕಡೆಯ ಬಾಗೇವಾಡಿ, ಬೇರೆಯದಲ್ಲ ಎಂದು. ಶಾಸನ 'ತರ್ದವಾಡಿ' ಎಂದು ಹೇಳಿ ಮಾಡಿದ ಕೆಲಸವನ್ನೇ ಕವಿ 'ಹಿಂಗುಳೇಶ್ವರ' ಎಂದು ಹೇಳಿ ಮಾಡಿದ್ದಾನೆ. ಗುರುತು ಹೇಳಬೇಕಾದರೆ ಎಲ್ಲರಿಗೂ ಗೊತ್ತಿರುವ ಊರಿನ ಹೆಸರನ್ನೇ ಹೇಳಬೇಕು ಅಲ್ವಾ? ಇಂಗಳೇಶ್ವರ ಅಂಥ ಊರೇ ಆಗಿತ್ತು. ಜೈನ ಶಾಸನಗಳಲ್ಲಿ ಮೂಲಸಂಘದ ದೇಸಿಗಣಕ್ಕೆ ಸೇರಿದ 'ಇಂಗಳೇಶ್ವರ ಬಳಿ' ಎಂಬ ಮುನಿಪರಂಪರೆಯೇ ಕಾಣುತ್ತದೆ. ಒಂದು ಮುನಿಶಾಖೆಗೆ ಹೆಸರು ಕೊಡುವಷ್ಟು ಪ್ರಸಿದ್ಧ ಊರು.

ಆದರೆ ಆ ಜೋಡಿ ಹೆಸರು ಸಂದರ್ಭ ಬಿಟ್ಟು ಪುಸ್ತಕದಿಂದ ಪುಸ್ತಕಕ್ಕೆ ಹೋಗುವಾಗ ಏನಾಗುತ್ತದೆ ನೋಡಿ. ಒಬ್ಬರು ಎರಡನ್ನೂ ಹಾಗೇ ಇಡುತ್ತಾರೆ. ಇನ್ನೊಬ್ಬರಿಗೆ ಜಾಗ ಕಮ್ಮಿ, ಮೊದಲ ಹೆಸರು ಮಾತ್ರ ಇಡುತ್ತಾರೆ. ಮತ್ತೊಬ್ಬರು ಎರಡನೆಯದನ್ನು ಇಡುತ್ತಾರೆ. ಮೂವರೂ ನೋಡಿದ್ದು ಒಂದೇ ಸಾಲು. ಓದುವವರಿಗೆ ಮಾತ್ರ ಮೂರು ಬೇರೆ ಬೇರೆ ಅಭಿಪ್ರಾಯ ಇದ್ದಂತೆ ಕಾಣುತ್ತದೆ. ಆಕರ ಗ್ರಂಥಗಳ ನಡುವಿನ ಎಷ್ಟೋ ಭಿನ್ನಾಭಿಪ್ರಾಯಗಳು ಹೀಗೆ ಹುಟ್ಟಿದವು. ಅವುಗಳ ಹಿಂದೆ ಸಂಶೋಧನೆಯ ಜಗಳ ಇರುವುದಿಲ್ಲ, ಕತ್ತರಿಯ ಕೆಲಸ ಇರುತ್ತದೆ.

ಈಗ ಸ್ಥಳೀಯರ ಮಾತಿಗೆ ಬರೋಣ. ಇಂಗಳೇಶ್ವರದ ಕಡೆ ಹೇಳುವುದು ಬಸವಣ್ಣ ನಮ್ಮ ಊರಿನ ಮಗ ಎಂದಲ್ಲ. ಅವರ ತಾಯಿ ಮಾದಲಾಂಬಿಕೆಯ ತವರು ನಮ್ಮ ಊರು, ಹೆರಿಗೆ ಆದದ್ದು ಇಲ್ಲಿ ಎನ್ನುತ್ತಾರೆ. ಈ ಮಾತನ್ನು ಸರಿಯಾಗಿ ಕೇಳಿಸಿಕೊಂಡರೆ ಅದು ಬಾಗೇವಾಡಿಯನ್ನು ಅಲ್ಲಗಳೆಯುವುದೇ ಇಲ್ಲ. ಅಪ್ಪನ ಮನೆ ಬಾಗೇವಾಡಿ, ತಾಯಿಯ ತವರು ಇಂಗಳೇಶ್ವರ. ಎರಡೂ ಒಟ್ಟಿಗೆ ನಿಲ್ಲುತ್ತವೆ. ಕಲ್ಲೂ ಇದಕ್ಕೆ ಅಡ್ಡ ಬರುವುದಿಲ್ಲ, ಹರಿಹರನೂ ಅಡ್ಡ ಬರುವುದಿಲ್ಲ. ಮಗಳನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಬರುವ ನಾಡು ಇದು. ನಮ್ಮಲ್ಲಿ ಯಾರನ್ನಾದರೂ ನಿಮ್ಮ ಊರು ಯಾವುದು ಎಂದು ಕೇಳಿದರೆ ಅಪ್ಪನ ಊರನ್ನೇ ಹೇಳುತ್ತೇವೆ. ಹೆರಿಗೆ ಆದದ್ದು ಅಜ್ಜಿ ಮನೆಯಲ್ಲಿ ಎಂಬುದು ಬೇರೆ ಮಾತು.

ಇದು ಬರೀ ಊಹೆ ಎನ್ನುವವರಿಗೆ, ದಾಖಲೆ ಗಟ್ಟಿಯಾಗಿರುವ ಒಂದು ಉದಾಹರಣೆ ಕೊಡುತ್ತೇನೆ. ಕುವೆಂಪು. 1904ರ ಡಿಸೆಂಬರ್ 29ರಂದು ಅವರು ಹುಟ್ಟಿದ್ದು ತಾಯಿ ಸೀತಮ್ಮನವರ ತವರು ಹಿರೇಕೊಡಿಗೆಯಲ್ಲಿ, ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕು. ಬೆಳೆದದ್ದು ಕುಪ್ಪಳಿಯಲ್ಲಿ, ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲ್ಲೂಕು. ಅವರ ಹೆಸರಿನ ಮೊದಲ ಅಕ್ಷರದಲ್ಲೇ ಕುಪ್ಪಳಿ ಇದೆ. ಇದರಲ್ಲಿ ಗುಟ್ಟೇನೂ ಇಲ್ಲ. ಆದರೂ 'ಜನ್ಮಸ್ಥಳ: ಕುಪ್ಪಳಿ' ಎಂದು ಬರೆದ ಪುಸ್ತಕ ಎಷ್ಟು ಬೇಕು? ನೂರಿಪ್ಪತ್ತು ವರ್ಷದ ಹಿಂದೆ ಹುಟ್ಟಿದ, ನಮ್ಮ ಎದುರೇ ಬಾಳಿದ ಕವಿಯ ವಿಚಾರದಲ್ಲೇ ತವರಿನ ಊರು ಅಳಿಸಿ ಅಪ್ಪನ ಊರು ಉಳಿಯುತ್ತದೆ. ಎಂಟುನೂರು ವರ್ಷದ ಹಿಂದಿನವರ ವಿಚಾರದಲ್ಲಿ ಹಾಗೆ ಆಗಿರಲಾರದು ಎಂದು ಯಾರು ಹೇಳಬಲ್ಲರು? ಕುವೆಂಪು ಅವರ ಬಗ್ಗೆ ಎಲ್ಲ ದಾಖಲೆ ಕಳೆದುಹೋಗಿ, ಅವರನ್ನು 'ಕುಪ್ಪಳಿಯ ವೆಂಕಟಪ್ಪ ಗೌಡರ ಮಗ' ಎನ್ನುವ ಒಂದು ಕಲ್ಲು, 'ಹೆರಿಗೆ ನಮ್ಮಲ್ಲಾಯಿತು' ಎನ್ನುವ ಹಿರೇಕೊಡಿಗೆಯವರ ಮಾತು, ಇವೆರಡೇ ಉಳಿದಿದ್ದವು ಎಂದುಕೊಳ್ಳಿ. ದಾಖಲೆಯೇ ದೊಡ್ಡದು ಎನ್ನುವವರು ಕಲ್ಲನ್ನು ಹಿಡಿದು ಹಿರೇಕೊಡಿಗೆಯವರನ್ನು ಬಾಯಿ ಮುಚ್ಚಿಸುತ್ತಿದ್ದರು. ತಪ್ಪು ಮಾಡುತ್ತಿದ್ದವರು ಅವರೇ.

ಹಾಗಾದರೆ ಇಂಗಳೇಶ್ವರದ ಮಾತನ್ನು ಒಪ್ಪಿಬಿಡೋಣವೇ? ಅಲ್ಲೂ ನನಗೆ ತಡೆ ಇದೆ. ತವರಿನ ಹೆರಿಗೆ ನಮ್ಮ ರೂಢಿ ಎಂಬುದು ನಿಜ. ಆದರೆ ಹನ್ನೆರಡನೆಯ ಶತಮಾನದ ಆ ಒಂದು ಮನೆಯಲ್ಲಿ ಹಾಗೇ ನಡೆಯಿತು ಎನ್ನಲು ರೂಢಿ ಪುರಾವೆ ಆಗುವುದಿಲ್ಲ. ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸೋಮನಾಥನ ಜೋಡಿ ಹೆಸರು ಮೊದಲೇ ಇತ್ತು. ಅದನ್ನು ಕೇಳಿದವರಿಗೆ, ಪುರಾಣ ಹೇಳುವವರಿಗೆ, ಎರಡು ಊರು ಯಾಕೆ ಬಂತು ಎಂಬ ಪ್ರಶ್ನೆ ಎದ್ದಿರುತ್ತದೆ. 'ಒಂದು ಅಪ್ಪನದು, ಒಂದು ತಾಯಿಯದು' ಎನ್ನುವುದು ಯಾರಿಗೂ ಹೊಳೆಯುವ ಉತ್ತರ. ಅಂದರೆ ಊರವರ ನೆನಪೇ ಗ್ರಂಥಕ್ಕಿಂತ ಹಳೆಯದೋ, ಗ್ರಂಥದ ಮಾತೇ ಊರಿಗೆ ಇಳಿದು ನೆನಪಾಯಿತೋ ಎಂದು ಬೇರ್ಪಡಿಸುವುದು ಕಷ್ಟ. ಪುರಾಣ ಪ್ರವಚನ ಊರೂರಲ್ಲೂ ನಡೆಯುವ ಸೀಮೆಯಲ್ಲಿ ಇದನ್ನು ಸುಲಭವಾಗಿ ತಳ್ಳಿಹಾಕಲು ಆಗುವುದಿಲ್ಲ.

ಇದನ್ನು ಪರೀಕ್ಷೆ ಮಾಡುವ ದಾರಿ ಇದೆ. ಗ್ರಂಥದಲ್ಲಿ ಇಲ್ಲದ, ಆದರೆ ಬೇರೆ ಕಡೆಯಿಂದ ತಾಳೆ ನೋಡಬಹುದಾದ ಏನಾದರೂ ಆ ಊರಿನ ಮಾತಿನಲ್ಲಿ ಇದೆಯೇ? ಹೊಲದ ಹೆಸರು, ಮನೆತನದ ಹೆಸರು, ಜಾತ್ರೆಯಲ್ಲಿ ಯಾವ ಊರಿಗೆ ಯಾವ ಹಕ್ಕು, ಬಾಗೇವಾಡಿಯಿಂದ ಇಲ್ಲಿಗೆ ನಡೆದುಕೊಳ್ಳುವ ಪದ್ಧತಿ, ಹಳೆಯ ಕಡತದಲ್ಲಿ ಇನಾಮಿನ ನೆಲ. ಅರ್ಜುನವಾಡದ ಕಲ್ಲು ದೇವರಾಜನ ಹೆಸರು ಕೊಟ್ಟು ತನ್ನ ಸ್ವತಂತ್ರತೆಯನ್ನು ತೋರಿಸಿದ ಹಾಗೆ, ಊರಿನ ನೆನಪೂ ಅಂಥ ಒಂದು ಗುರುತು ಕೊಟ್ಟರೆ ಅದರ ತೂಕ ಏರುತ್ತದೆ. ಬರೀ ಪುರಾಣದ ಕಥೆಯನ್ನೇ ತಿರುಗಿ ಹೇಳಿದರೆ ತೂಕ ಇಳಿಯುತ್ತದೆ. ಆ ಮಾತು ಮೊದಲು ಬರಹಕ್ಕೆ ಬಂದದ್ದು ಯಾವಾಗ ಎಂಬುದನ್ನೂ ಹುಡುಕಬೇಕು.

ಇಲ್ಲಿ ನಿಮ್ಮ ಇಲಾಖೆಯ ಮೇಲೆ ಒಂದು ಜವಾಬ್ದಾರಿ ಇದೆ. ನೀವು ಒಂದು ಊರಿನಲ್ಲಿ 'ಜನ್ಮಸ್ಥಳ' ಎಂದು ಫಲಕ ಹಾಕಿದ ದಿನದಿಂದ ಆ ಊರಿನ ನೆನಪು ಕಲಬೆರಕೆ ಆಗುತ್ತದೆ. ಹತ್ತು ವರ್ಷ ಬಿಟ್ಟು ಸಂಶೋಧಕರು ಹೋಗಿ ಕೇಳಿದರೆ ಜನ ಫಲಕವನ್ನೇ ಓದಿ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಸರ್ಕಾರ ಹೇಳಿದ್ದನ್ನು ನಂಬಿರುತ್ತಾರೆ. ಆ ಹೇಳಿಕೆ ಮತ್ತೆ ಪುಸ್ತಕಕ್ಕೆ 'ಸ್ಥಳೀಯ ಪರಂಪರೆ' ಎಂದು ಬರುತ್ತದೆ. ಸುತ್ತು ಪೂರ್ತಿಯಾಯಿತು. ಹಾಗಾಗಿ ಫಲಕಕ್ಕಿಂತ ಮೊದಲು ದಾಖಲಾತಿ ಆಗಬೇಕು. ಎರಡೂ ಊರಿನ ಹಿರಿಯರು ಏನು ಹೇಳುತ್ತಾರೆ, ಅದನ್ನು ಅವರು ಯಾರಿಂದ ಕೇಳಿದರು, ಪುರಾಣ ಓದಿದವರೋ ಓದದವರೋ, ಇಷ್ಟನ್ನು ಅವರದೇ ಮಾತಿನಲ್ಲಿ ಬರೆದಿಡಿ. ಹೆಂಗಸರನ್ನು ಮರೆಯಬೇಡಿ. ತವರಿನ ಹೆರಿಗೆಯ ಕಥೆ ಗಂಡಸರ ಬಾಯಲ್ಲಿ ಮಾತ್ರ ಕೇಳಿ ಬಂದರೆ ಅರ್ಧ ಕೆಲಸವೂ ಆಗಿಲ್ಲ ಎಂದೇ ನನ್ನ ಲೆಕ್ಕ.

ದಯವಿಟ್ಟು ಸಮಿತಿ ಮಾಡಿ ಮತ ಹಾಕಿ ತೀರ್ಮಾನಿಸಬೇಡಿ. ಪುರಂದರದಾಸರು ಹುಟ್ಟಿದ್ದು ಪುಣೆ ಕಡೆಯ ಪುರಂದರಗಡದಲ್ಲೋ ತೀರ್ಥಹಳ್ಳಿ ಸೀಮೆಯಲ್ಲೋ ಎಂಬುದಕ್ಕೆ ಸರ್ಕಾರ ಸಮಿತಿ ಮಾಡಿತು. ತಜ್ಞರು ಸಾಕ್ಷಿ ಕಲೆಹಾಕುವುದು ಒಳ್ಳೆಯದೇ. ಆದರೆ ಪತ್ರಿಕೆಯಲ್ಲಿ ಬರುವುದು, ಜನರ ತಲೆಯಲ್ಲಿ ಉಳಿಯುವುದು ಕೊನೆಯ ಒಂದು ಸಾಲು ಮಾತ್ರ. ಯಾವ ಸಾಕ್ಷಿಗೆ ಎಷ್ಟು ತೂಕ ಕೊಟ್ಟರು ಎಂಬುದು ಕಡತದಲ್ಲೇ ಉಳಿದುಬಿಡುತ್ತದೆ.

ಸಂಪಾದಕರಲ್ಲಿ ನನ್ನ ಕೋರಿಕೆ ಸಣ್ಣದು. ಎಲ್ಲರಿಗೂ 'ಜನ್ಮಸ್ಥಳ' ಎಂಬ ಒಂದೇ ಖಾನೆ ಇಟ್ಟು ಅದರಲ್ಲಿ ಒಂದೇ ಹೆಸರು ತುರುಕಬೇಡಿ. ಈಗಿನವರಿಗೆ ಜನನ ಪ್ರಮಾಣಪತ್ರ ಇದೆ, ಖಾನೆ ತುಂಬುತ್ತದೆ. ಹಳಬರಿಗೆ ಅದು ಹೊಂದುವುದಿಲ್ಲ. ಬಸವಣ್ಣನವರ ಬಗ್ಗೆ ನಾನಾದರೆ ಹೀಗೆ ಬರೆಯುತ್ತೇನೆ: "ಊರು: ಬಾಗೇವಾಡಿ, ಈಗಿನ ಬಸವನಬಾಗೇವಾಡಿ, ವಿಜಯಪುರ ಜಿಲ್ಲೆ. ಹರಿಹರನ ರಗಳೆ ಮತ್ತು 1260ರ ಅರ್ಜುನವಾಡ ಶಾಸನ ತಂದೆ ಮಾದಿರಾಜರನ್ನು ಈ ಊರಿನವರೆಂದು ಹೇಳುತ್ತವೆ. ಜನನವಾದದ್ದು ತಾಯಿಯ ತವರು ಇಂಗಳೇಶ್ವರದಲ್ಲಿ ಎಂಬುದು ಸ್ಥಳೀಯ ಪರಂಪರೆ. ಶಾಸನ ಇದನ್ನು ಹೇಳುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ." ಮೂರು ನಾಲ್ಕು ಸಾಲು ಜಾಸ್ತಿ ಆಗುತ್ತದೆ, ಅಷ್ಟೇ. ಹುಟ್ಟಿದ ವರ್ಷಕ್ಕೂ ಇದೇ ಕ್ರಮ ಬೇಕು. 1105, 1131, 1134 ಎಂದು ಒಂದೊಂದು ಪುಸ್ತಕ ಒಂದೊಂದು ಇಸವಿ ಕೊಡುತ್ತದೆ. ಯಾವುದರ ಆಧಾರದ ಮೇಲೆ ಎಂದು ಮಾತ್ರ ಹೇಳುವುದಿಲ್ಲ. ಅದು ಇನ್ನೊಂದು ಪತ್ರದ ವಿಷಯ.

ಹಳೆಯ ಪುಸ್ತಕ ನೋಡಿ ಬರೆಯುವಾಗ ಮೂಲ ಆಕರ ಯಾವುದು ಎಂದು ಒಂದು ಹೆಜ್ಜೆ ಹಿಂದೆ ಹೋಗಿ ನೋಡಿ. ಮೂರು ಪುಸ್ತಕ 'ಇಂಗಳೇಶ್ವರ' ಎಂದರೆ ಮೂರೂ ಯಾವುದರಿಂದ ಎತ್ತಿಕೊಂಡವು ಎಂದು ಹುಡುಕಿ. ನಾಲ್ಕನೆಯದಾಗಿ ನಿಮ್ಮದನ್ನು ಸೇರಿಸುವ ಮೊದಲು ಇದಾಗಬೇಕು.

ಪ್ರಶ್ನೆಪತ್ರಿಕೆ ತೆಗೆಯುವವರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಬಸವಣ್ಣನವರ ಜನ್ಮಸ್ಥಳ ಕೇಳಲೇಬೇಕು ಅನ್ನಿಸಿದರೆ ಕೇಳಿ. ಆದರೆ ಬಾಗೇವಾಡಿ, ಇಂಗಳೇಶ್ವರ ಎರಡನ್ನೂ ಒಂದೇ ಪ್ರಶ್ನೆಯ ಆಯ್ಕೆಗಳಲ್ಲಿ ಇಡಬೇಡಿ. ಅದರ ಬದಲು ಅರ್ಜುನವಾಡ ಶಾಸನ ಯಾರ ಕಾಲದ್ದು ಎಂದು ಕೇಳಿ. ಅದಕ್ಕೆ ಉತ್ತರ ಒಂದೇ ಇದೆ.

ಇಂತಿ,
ತಾಲ್ಲೂಕು ಗ್ರಂಥಾಲಯದ ಒಬ್ಬ ನೌಕರ